ಕಪ್ಪು ಶುಕ್ರವಾರ ಬಿಟ್ಟು ಆಷಾಢಕ್ಕೆ ಬಂದ ಕಥೆ: ಆನ್‌ಲೈನ್ ಸೀರೆ ಮಾರಾಟದಲ್ಲಿ ನನ್ನ ಅನುಭವ

2024ರ ಆಗಸ್ಟ್ 1, 2 ಮತ್ತು 3ರಂದು ನಮ್ಮ ಪುಟ್ಟ ಜಾಲತಾಣದಲ್ಲಿ ಇಳಕಲ್ ಸೀರೆಗಳನ್ನು ಶೇ 12ರ ರಿಯಾಯಿತಿಯಲ್ಲಿ ಮಾರಿದೆವು. ಜಾಹೀರಾತು, ಕೊರಿಯರ್, ವಾಪಸು ಬಂದ ಪೊಟ್ಟಣಗಳ ದಂಡ ಎಲ್ಲ ಕಳೆದು ಮೂವತ್ತು ಸಾವಿರ ರೂಪಾಯಿಯ ಆಸುಪಾಸು ಕೈಯಲ್ಲಿ ಉಳಿಯಿತು. ಮೊತ್ತ ದೊಡ್ಡದೇನಲ್ಲ ಎಂಬುದು ನನಗೂ ಗೊತ್ತು. ಆದರೆ ಹಿಂದಿನ ಎರಡು ವರ್ಷ ಇದೇ ರೀತಿಯ ‘ಮೆಗಾ ಸೇಲ್’ ಮಾಡಿ ಕೈ ಸುಟ್ಟುಕೊಂಡವನಿಗೆ, ಶೇ 40 ಎಂದು ಬರೆಯದಿದ್ದರೆ ನಾಯಿಯೂ ಮೂಸಿ ನೋಡುವುದಿಲ್ಲ ಎಂದು ಜೊತೆಯ ವ್ಯಾಪಾರಿಗಳಿಂದ ಹೇಳಿಸಿಕೊಂಡವನಿಗೆ, ಆ ಮೂವತ್ತು ಸಾವಿರದ ರುಚಿಯೇ ಬೇರೆ. ಈಗ ಅವರಲ್ಲಿ ಮೂವರು ಲೆಕ್ಕ ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನಿಂದ ಬಂದವು. ಹತ್ತಿಪ್ಪತ್ತು ಹೆಚ್ಚುಕಡಿಮೆ ಇದ್ದೀತು.

ಮೊದಲ ಪೆಟ್ಟು ಬಿದ್ದದ್ದು 2022ರ ನವೆಂಬರ್ 25ರ ಬ್ಲ್ಯಾಕ್ ಫ್ರೈಡೇ ದಿನ. ಆ ವರ್ಷ ದೀಪಾವಳಿ ಅಕ್ಟೋಬರ್ 24ಕ್ಕೇ ಮುಗಿದಿತ್ತು. ಹಬ್ಬದ ನಂತರ ಅಂಗಡಿ ತಣ್ಣಗಿರುವಾಗ ಅಮೆರಿಕದ ಈ ರಿಯಾಯಿತಿ ದಿನವನ್ನು ಹಿಡಿದುಕೊಂಡರೆ ಉಳಿದ ಸರಕು ಕರಗೀತು ಎಂಬುದು ನನ್ನ ಎಣಿಕೆಯಾಗಿತ್ತು. ಆ ದಿನದ ಲೆಕ್ಕಾಚಾರವನ್ನು ಆಗ ನಾನು ಗಮನಿಸಿರಲೇ ಇಲ್ಲ. ಅದು ನವೆಂಬರಿನ ನಾಲ್ಕನೇ ಗುರುವಾರದ ಮರುದಿನ ಬರುವುದರಿಂದ ಯಾವ ವರ್ಷವೇ ಆಗಲಿ 23ರಿಂದ 29ರೊಳಗೇ ಬೀಳುತ್ತದೆ. ಅಂದರೆ ನಮ್ಮ ಗಿರಾಕಿಗಳ ಮನೆಯಲ್ಲಿ ಸಂಬಳ ಖಾಲಿಯಾಗಿ, ಹಾಲಿನವನ ಬಾಕಿಗೂ ಒಂದನೇ ತಾರೀಕಿನತ್ತ ನೋಡುತ್ತಿರುವ ವಾರ. ಹಬ್ಬಕ್ಕೆ ಸೀರೆ ಕೊಂಡು ಇನ್ನೂ ಹೆಚ್ಚು ದಿನವಾಗಿರುವುದಿಲ್ಲ, ಮುಂದಿನ ಸಂಬಳಕ್ಕೆ ಇನ್ನೂ ಒಂದು ವಾರವಿರುತ್ತದೆ. ಇದಕ್ಕಿಂತ ಕೆಟ್ಟ ದಿನವನ್ನು ಹುಡುಕಿದರೂ ಸಿಗುತ್ತಿರಲಿಲ್ಲ.

ಹೆಸರೂ ಕೈಕೊಟ್ಟಿತು. ಕಪ್ಪು ಹಿನ್ನೆಲೆಯ ಮೇಲೆ ಚಿನ್ನದ ಅಕ್ಷರಗಳಲ್ಲಿ ‘ಬ್ಲ್ಯಾಕ್ ಫ್ರೈಡೇ’ ಎಂದು ಚಿತ್ರ ಮಾಡಿಸಿ, ಹಳೆಯ ಗಿರಾಕಿಗಳೆಲ್ಲರಿಗೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದೆ. ಗದಗಿನ ಕಡೆಯ ಒಬ್ಬ ಹಿರಿಯ ಗಿರಾಕಿ ಅರ್ಧ ಗಂಟೆಯೊಳಗೆ ಫೋನ್ ಮಾಡಿ, “ಶುಕ್ರವಾರ ಲಕ್ಷ್ಮೀ ವಾರ ಐತಲ್ಲೋ ತಮ್ಮಾ, ಅದಕ್ಯಾಕ ಕರೀ ಶುಕ್ರವಾರ ಅಂತ ಹೆಸರಿಟ್ಟಿ? ಅವತ್ತ ಹೊಸಾ ಸೀರಿ ತಗೊಳ್ಳಾಕ ಮನಸ್ಸರ ಹೆಂಗ ಬರ್ತದ?” ಎಂದು ಕೇಳಿದರು. ನಾನು ನಕ್ಕು ಸುಮ್ಮನಾದೆ. ಆ ಒಂದು ಫೋನ್ ಕರೆಯನ್ನು ಗಂಭೀರವಾಗಿ ತೆಗೆದುಕೊಂಡಿದ್ದರೆ ಒಂದು ವರ್ಷ ಮೊದಲೇ ದಾರಿ ಸಿಗುತ್ತಿತ್ತು.

ಆ ದಿನದ ಲೆಕ್ಕವನ್ನು ಬಿಚ್ಚಿಡುತ್ತೇನೆ. ಹತ್ತಿಯ ಒಡಲು, ಕೃತಕ ರೇಷ್ಮೆಯ ಸೆರಗು ಇರುವ ಸಾಮಾನ್ಯ ಇಳಕಲ್ ಸೀರೆಯನ್ನು ನಾವು ವರ್ಷವಿಡೀ 1,480 ರೂಪಾಯಿಗೆ ಮಾರುತ್ತಿದ್ದೆವು. ಎಲ್ಲರಂತೆ ನಾನೂ 2,080 ಎಂದು ಬರೆದು, ಅದರ ಮೇಲೆ ಗೆರೆ ಎಳೆದು, ಶೇ 40 ಕಡಿತ ಎಂದು 1,250ಕ್ಕೆ ಇಟ್ಟೆ. ಶೇ 5ರ ಜಿಎಸ್‌ಟಿ ತೆಗೆದರೆ ಕೈಗೆ ಬರುವುದು 1,190. ಸೀರೆಯ ಅಸಲು 940. ಉಳಿದ 250ರಲ್ಲಿ ಕೊರಿಯರ್‌ಗೆ 75, ಮನೆ ಬಾಗಿಲಲ್ಲಿ ಹಣ ವಸೂಲಿ ಮಾಡುವ ಶುಲ್ಕ ಸುಮಾರು 30, ಪ್ಯಾಕಿಂಗ್‌ಗೆ 20 ಹೋಗಿ 125 ಉಳಿಯಬೇಕಿತ್ತು. ಒಟ್ಟು 212 ಆರ್ಡರ್ ಬಂದಾಗ ನಾವು ಮನೆಮಂದಿಯೆಲ್ಲ ಪೇಡಾ ಹಂಚಿಕೊಂಡು ತಿಂದದ್ದು ನೆನಪಿದೆ. ಅವುಗಳಲ್ಲಿ 71 ವಾಪಸು ಬಂದವು, ಎಲ್ಲವೂ ಬಾಗಿಲಲ್ಲಿ ಹಣ ಕೊಡುವ ಸಿಒಡಿ ಆರ್ಡರುಗಳೇ. ತಲುಪಿದ 141ರಿಂದ ಹದಿನೇಳೂವರೆ ಸಾವಿರ ಸಿಕ್ಕಿತು. ಹೋಗಿ ಬಂದ ಪ್ರತಿ ಪೊಟ್ಟಣಕ್ಕೆ ಸುಮಾರು 150ರಂತೆ ಹತ್ತೂವರೆ ಸಾವಿರ ಹಾರಿತು. ಜಾಹೀರಾತಿಗೆ ಸುರಿದದ್ದು 38,000. ಮೂವತ್ತೊಂದು ಸಾವಿರ ನಷ್ಟ, ಮೇಲೆ ಮಡಿಕೆ ಕೆಟ್ಟ 71 ಸೀರೆಗಳು.

ಹಣಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆಯೇ ಇತ್ತು. ಅಕ್ಟೋಬರಿನಲ್ಲಿ ಅದೇ ಸೀರೆಯನ್ನು 1,480ಕ್ಕೆ ಕೊಂಡಿದ್ದ ಗಿರಾಕಿಯೊಬ್ಬರು ತಮ್ಮ ಹಳೆಯ ಬಿಲ್ಲನ್ನೂ ನನ್ನ 2,080ರ ಗೆರೆಯನ್ನೂ ಒಂದೇ ಚಿತ್ರದಲ್ಲಿ ಜೋಡಿಸಿ ನನಗೇ ಕಳಿಸಿದರು. ಕೆಳಗೆ ಒಂದು ಅಕ್ಷರವನ್ನೂ ಬರೆದಿರಲಿಲ್ಲ. ಸಾಲದ್ದಕ್ಕೆ, ಪುಟದಲ್ಲಿ ಕೂರಿಸಿದ್ದ ‘ಇನ್ನು 2 ಗಂಟೆ ಮಾತ್ರ’ ಎಂಬ ಗಡಿಯಾರ ಪುಟವನ್ನು ಮತ್ತೆ ತೆರೆದಾಗಲೆಲ್ಲ ಎರಡು ಗಂಟೆಯಿಂದಲೇ ಶುರುವಾಗುತ್ತಿತ್ತು. ಅದು ಆ ತಂತ್ರಾಂಶದ ಸಹಜ ಗುಣವೆಂದು ನನಗೆ ಗೊತ್ತಿತ್ತು, ಆದರೂ ಬಿಟ್ಟಿದ್ದೆ. ಮುಂದೆ 2023ರ ನವೆಂಬರ್ 30ರಂದು ಕೇಂದ್ರ ಸರ್ಕಾರ ಗಿರಾಕಿಯನ್ನು ದಾರಿ ತಪ್ಪಿಸುವ ಜಾಲತಾಣದ ತಂತ್ರಗಳಾದ ‘ಡಾರ್ಕ್ ಪ್ಯಾಟರ್ನ್’ಗಳ ತಡೆಗೆ ಮಾರ್ಗಸೂಚಿ ಹೊರಡಿಸಿ, ಸುಳ್ಳು ಅವಸರ ಹುಟ್ಟಿಸುವುದನ್ನು ಪಟ್ಟಿಯಲ್ಲಿ ಸೇರಿಸಿದಾಗ ನನಗೆ ನನ್ನದೇ ಗಡಿಯಾರ ಕಣ್ಣೆದುರು ಬಂತು.

2023ರಲ್ಲಿ ಇನ್ನೊಂದು ಕಡೆಗೆ ಜಿಗಿದೆ. ತಿಂಗಳ ಕೊನೆ ಬೇಡವೆಂದು ಸಂಬಳದ ವಾರವನ್ನೂ, ವಿದೇಶಿ ದಿನ ಬೇಡವೆಂದು ನಮ್ಮ ಹಬ್ಬವನ್ನೂ ಒಟ್ಟಿಗೆ ಹಿಡಿದು ನವೆಂಬರ್ 3ರಿಂದ 5ರವರೆಗೆ ಮಾರಾಟ ಇಟ್ಟೆ, ದೀಪಾವಳಿ 12ಕ್ಕಿತ್ತು. ಕಾಗದದ ಮೇಲೆ ಇದು ಸರಿಯಾಗಿಯೇ ಕಾಣುತ್ತದೆ. ಆದರೆ ದೊಡ್ಡ ತಾಣಗಳೆಲ್ಲ ಹಬ್ಬದ ಜಾಹೀರಾತಿಗೆ ಹಣ ಸುರಿಯುವ ಹೊತ್ತಿನಲ್ಲಿ ನನ್ನಂಥವನು ಅದೇ ಹರಾಜಿಗೆ ಇಳಿದರೆ ಏನಾಗುತ್ತದೆ? ಒಂದು ಆರ್ಡರಿಗೆ ತಗಲುವ ಜಾಹೀರಾತಿನ ಖರ್ಚು ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಕೊರಿಯರ್‌ನವರು ಎರಡು ದಿನ ಪೊಟ್ಟಣ ಒಯ್ಯಲು ಬರಲೇ ಇಲ್ಲ, ಬಂದಾಗ ಅರ್ಧ ಒಯ್ದರು. ಹಬ್ಬಕ್ಕೆಂದು ತರಿಸಿದ ಸೀರೆ ಬಲಿಪಾಡ್ಯಮಿ ಕಳೆದ ಮೇಲೆ ಬಾಗಿಲಿಗೆ ಬಂದರೆ ಯಾರು ಹಣ ಕೊಟ್ಟು ಬಿಡಿಸಿಕೊಳ್ಳುತ್ತಾರೆ? ಆ ಸಲದ ವಾಪಸಿಗೆ ಗಿರಾಕಿಗಳನ್ನು ದೂರುವಂತಿರಲಿಲ್ಲ. ನಷ್ಟ ಸುಮಾರು ಹದಿನೆಂಟು ಸಾವಿರ. ಸಿಟ್ಟಿನಿಂದ ಡಿಸೆಂಬರಿನಲ್ಲಿ ಸಿಒಡಿಯನ್ನೇ ತೆಗೆದು ಒಂದು ಚಿಕ್ಕ ಮಾರಾಟ ಮಾಡಿ ನೋಡಿದೆ; ಮೂರು ದಿನಕ್ಕೆ ಬಂದದ್ದು 29 ಆರ್ಡರ್. ವಾಪಸು ಒಂದೂ ಇರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು, ಅಷ್ಟೇ.

ಆ ಹೊತ್ತಿಗೆ ಒಂದು ಹಳೆಯ ಮಾತು ನೆನಪಾಯಿತು. ನಮ್ಮ ಅಪ್ಪ ಹುಬ್ಬಳ್ಳಿಯ ಅಂಗಡಿಯಲ್ಲಿ ಮೂವತ್ತು ವರ್ಷ ಆಷಾಢದಲ್ಲಿ ರಿಯಾಯಿತಿ ಕೊಡುತ್ತ ಬಂದವರು. ಅವರ ಗಿರಾಕಿಗಳು ಆ ರಿಯಾಯಿತಿಯನ್ನು ಒಮ್ಮೆಯೂ ಅನುಮಾನಿಸಿದವರಲ್ಲ, ಏಕೆಂದರೆ ಬೆಲೆ ಇಳಿಯುವುದಕ್ಕೆ ಕಾರಣ ಅವರಿಗೇ ಗೊತ್ತಿತ್ತು: ಆಷಾಢದಲ್ಲಿ ಮದುವೆಯಿಲ್ಲ, ಅಂಗಡಿಗೆ ಜನರಿಲ್ಲ, ಮಗ್ಗದಿಂದ ಬಂದ ಸರಕಿಗೆ ಹಣ ಕೊಡಲೇಬೇಕು, ಆದ್ದರಿಂದ ವ್ಯಾಪಾರಿ ಕಡಿಮೆಗೆ ಕೊಡುತ್ತಾನೆ. 2012ರ ಡಿಸೆಂಬರ್ 12ರಂದು ಗೂಗಲ್ ಇಲ್ಲಿ ಗ್ರೇಟ್ ಆನ್‌ಲೈನ್ ಶಾಪಿಂಗ್ ಫೆಸ್ಟಿವಲ್ ಆರಂಭಿಸಿದಾಗಿನಿಂದ, 2014ರ ಅಕ್ಟೋಬರ್ 6ರ ಫ್ಲಿಪ್‌ಕಾರ್ಟ್‌ನ ಬಿಗ್ ಬಿಲಿಯನ್ ಡೇಯನ್ನೂ ದಾಟಿ, ನಾವು ಹೊರಗಿನಿಂದ ತಂದುಕೊಂಡಿರುವುದು ಆರ್ಭಟವನ್ನು ಮಾತ್ರ. ಬೆಲೆ ಏಕೆ ಇಳಿಯಿತು ಎಂಬ ಪ್ರಶ್ನೆಗೆ ಗಿರಾಕಿಗೆ ಉತ್ತರ ಸಿಗುವುದಿಲ್ಲ. ಉತ್ತರ ಸಿಗದಿದ್ದರೆ ಆಕೆ ತಾನೇ ಒಂದು ಉತ್ತರ ಹುಡುಕಿಕೊಳ್ಳುತ್ತಾಳೆ. ಹಳೆ ಸರಕು ಇದ್ದೀತು, ಬಣ್ಣ ಬಿಟ್ಟೀತು, ಇಲ್ಲವೇ ಮೊದಲೇ ಬೆಲೆ ಏರಿಸಿದ್ದಾರು ಎಂದು. ಮೂರನೆಯದು ನನ್ನ ವಿಷಯದಲ್ಲಿ ನಿಜವೂ ಆಗಿತ್ತು.

2024ರ ಪಂಚಾಂಗ ನೋಡಿದಾಗ ಎಲ್ಲ ತಾನಾಗಿ ಕೂಡಿಬಂದಂತಿತ್ತು. ಆಗಸ್ಟ್ 4ರ ಭೀಮನ ಅಮಾವಾಸ್ಯೆಗೆ ಆಷಾಢ ಮುಗಿಯುತ್ತದೆ, ವರಮಹಾಲಕ್ಷ್ಮಿ 16ಕ್ಕೆ, ಸಂಬಳ ಒಂದನೇ ತಾರೀಕಿಗೆ. ಹಾಗಾಗಿ ಗುರುವಾರ 1ರಿಂದ ಶನಿವಾರ 3ರವರೆಗೆ ಎಂದು ನಿಗದಿ ಮಾಡಿದೆ. ಅಮಾವಾಸ್ಯೆಯ ದಿನ ಹೊಸ ಬಟ್ಟೆ ಕೊಳ್ಳಲು ಹಿಂಜರಿಯುವವರಿದ್ದಾರೆ, ಭಾನುವಾರ ಕೊರಿಯರ್ ಬರುವುದಿಲ್ಲ. ಆದ್ದರಿಂದ 4ನ್ನು ಬಿಟ್ಟೆ. ಸೀರೆ ತಲುಪಲು ನಾಲ್ಕೈದು ದಿನ, ಕುಪ್ಪಸ ಹೊಲಿಸಲು ಒಂದು ವಾರ ಎಂದರೆ ಹಬ್ಬಕ್ಕೆ ಸರಿಹೋಗುತ್ತದೆ. ದೊಡ್ಡ ತಾಣಗಳ ಹಬ್ಬದ ಮಾರಾಟ ಇನ್ನೂ ದೂರವಿರುವುದರಿಂದ ಜಾಹೀರಾತಿನ ದರವೂ ನೆಲಕ್ಕೆ ಹತ್ತಿರವಿತ್ತು. 14,000ದಲ್ಲಿ ಮುಗಿಯಿತು.

ಬೆಲೆಯ ವಿಷಯದಲ್ಲಿ ಗೆರೆ ಎಳೆಯುವುದನ್ನು ಬಿಟ್ಟೆ. ಅದರ ಜಾಗದಲ್ಲಿ ಪ್ರತಿ ಸೀರೆಯ ಕೆಳಗೆ ಮೇ 1, ಜೂನ್ 1, ಜುಲೈ 1ರಂದು ನಾವು ಮಾರಿದ ಬೆಲೆ 1,480 ಎಂದೂ, ಈಗ 1,300 ಎಂದೂ, ಕೊರಿಯರ್ ಇದರಲ್ಲೇ ಸೇರಿದೆ ಎಂದೂ ಬರೆದೆವು. ಅದರ ಕೆಳಗೆ ಒಂದು ಸಾಲು: “ಆಷಾಢದಲ್ಲಿ ಮದುವೆ ವ್ಯಾಪಾರ ಇರುವುದಿಲ್ಲ, ನೇಕಾರರಿಗೆ ಶ್ರಾವಣಕ್ಕೆ ಮೊದಲು ಹಣ ಕೊಡಬೇಕು, ಅದಕ್ಕಾಗಿ 180 ರೂಪಾಯಿ ಬಿಟ್ಟಿದ್ದೇವೆ.”  ಈ ಸಾಲಿನ ನಂತರ ಇನ್ನೊಂದು ಸಾಲಿತ್ತು. ಅದನ್ನು ಮಾತ್ರ ಇಲ್ಲಿ ಬರೆಯಲಾರೆ, ನನ್ನ ಹೊಟ್ಟೆಪಾಡೂ ನಡೆಯಬೇಕಲ್ಲ. ಶೇಕಡಾ ಲೆಕ್ಕವನ್ನು ಬರೆಯದೆ ರೂಪಾಯಿಯಲ್ಲೇ ಬರೆದದ್ದು ಬೇಕೆಂದೇ. ನಮ್ಮ ಗಿರಾಕಿ ಬಜೆಟ್ ಇಟ್ಟುಕೊಳ್ಳುವುದು ‘ಸಾವಿರದ ಮುನ್ನೂರರೊಳಗೆ’ ಎಂದೇ ಹೊರತು ‘ಶೇ 40ರ ಮೇಲೆ’ ಎಂದಲ್ಲ.

ಇನ್ನು ಅವಸರದ ಮಾತು. ಇದರಲ್ಲಿಯೇ ನಾನು ಸ್ವಲ್ಪ ಜಂಬ ಪಡಬೇಕೆಂದಿರುವುದು. ಹಿಂದಿನ ಎರಡು ಮಾರಾಟಗಳ ಆರ್ಡರ್ ಸಮಯಗಳನ್ನು ಕುಳಿತು ನೋಡಿದಾಗ ಒಂದು ಸಂಗತಿ ಕಂಡಿತು. ಪುಟವನ್ನು ಹೆಚ್ಚು ನೋಡುತ್ತಿದ್ದದ್ದು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಆರ್ಡರ್ ಬೀಳುತ್ತಿದ್ದದ್ದು ರಾತ್ರಿ ಒಂಬತ್ತರಿಂದ ಹತ್ತೂವರೆಯವರೆಗೆ. ನಡುವಿನ ಐದಾರು ಗಂಟೆಗಳಲ್ಲಿ ಏನಾಗುತ್ತದೆ ಎಂದು ನಾಲ್ಕೈದು ಗಿರಾಕಿಗಳನ್ನು ಕೇಳಿದೆ. ಅಕ್ಕನಿಗೋ ಓರಗಿತ್ತಿಗೋ ಚಿತ್ರ ಕಳಿಸಿ ಅಭಿಪ್ರಾಯ ಕೇಳುತ್ತಾರೆ. ಯುಪಿಐ ಇರುವ ಫೋನು ಮಗನದೋ ಗಂಡನದೋ ಆದ್ದರಿಂದ ಆತ ಮನೆಗೆ ಬರುವವರೆಗೆ ಕಾಯುತ್ತಾರೆ. ಊಟವಾದ ಮೇಲೆ ಮಾತಾಡಿ ನಿರ್ಧರಿಸುತ್ತಾರೆ. ಎರಡು ಗಂಟೆಯ ಗಡಿಯಾರ ಈ ಮನೆಯೊಳಗೆ ಮಾಡುವುದು ಒಂದೇ ಕೆಲಸ, ಆಕೆ ಪುಟವನ್ನು ಮುಚ್ಚುವಂತೆ ಮಾಡುವುದು.

ಅಂಗಡಿಯಲ್ಲಿ ಇದಕ್ಕೆ ಮೊದಲಿನಿಂದಲೂ ಒಂದು ಪದ್ಧತಿ ಇದೆ. “ಇದನ್ನ ಎತ್ತಿಡ್ರಿ, ಸಂಜೀಕ ಮನಿಯವರನ್ನ ಕರಕೊಂಡ ಬರ್ತೀನಿ” ಎಂದರೆ ಸೀರೆಯನ್ನು ಬೇರೆ ಕಪಾಟಿಗೆ ಸೇರಿಸಿ ಚೀಟಿ ಅಂಟಿಸುತ್ತೇವೆ. ಅದನ್ನೇ ಪುಟಕ್ಕೆ ತಂದೆ. ‘ಈಗ ಕೊಳ್ಳಿ’ ಎಂಬ ಗುಂಡಿಯ ಪಕ್ಕದಲ್ಲಿ ‘ಎತ್ತಿಡಿ’ ಎಂಬ ಇನ್ನೊಂದು ಗುಂಡಿ. ಒತ್ತಿದರೆ ಫೋನ್ ಸಂಖ್ಯೆ ಮಾತ್ರ ಕೇಳುತ್ತದೆ, ಹಣ ಬೇಡ. ಮರುದಿನ ಬೆಳಿಗ್ಗೆ ಹತ್ತು ಗಂಟೆಯವರೆಗೆ ಆ ಸೀರೆ ಅವರದ್ದು. ಉಳಿದವರಿಗೆ ಅದೇ ಸೀರೆಯ ಮೇಲೆ ‘ಒಬ್ಬರು ಎತ್ತಿಡಿಸಿದ್ದಾರೆ, ನಾಳೆ 10ಕ್ಕೆ ನೋಡಿ’ ಎಂದು ಕಾಣುತ್ತದೆ. ಕೈಮಗ್ಗದಲ್ಲಿ ಒಂದೊಂದು ಬಣ್ಣದಂಚಿಗೆ ನಮ್ಮಲ್ಲಿ ಮೂರು ನಾಲ್ಕು ಸೀರೆಗಳಷ್ಟೇ ಇರುವುದರಿಂದ ಇಲ್ಲಿಯ ಅವಸರ ಸುಳ್ಳಲ್ಲ. ಸುಮಾರು 140 ಮಂದಿ ಎತ್ತಿಡಿಸಿದರು, 90ರಷ್ಟು ಮಂದಿ ಕೊಂಡರು. ಈ ಗುಂಡಿಯನ್ನು ಕಂಡು “ದುಡ್ಡಿಲ್ಲದೆ ಸರಕು ಕಟ್ಟಿಹಾಕುತ್ತೀಯಾ” ಎಂದು ನಕ್ಕವರಲ್ಲಿ ಒಬ್ಬರು ಈಗ ತಮ್ಮ ಪಾತ್ರೆ ಅಂಗಡಿಗೂ ಅದನ್ನೇ ಹಾಕಿಸಿಕೊಂಡಿದ್ದಾರೆ. ಅವರಿಗೆ ಅದು ನಡೆಯುತ್ತಿಲ್ಲ, ಏಕೆಂದರೆ ಒಂದೇ ಅಚ್ಚಿನ ಇನ್ನೂರು ಪಾತ್ರೆಗಳಿರುವಲ್ಲಿ ಒಂದನ್ನು ಎತ್ತಿಟ್ಟರೇನು, ಬಿಟ್ಟರೇನು.

ಸಿಒಡಿಯನ್ನು ತೆಗೆಯಲಿಲ್ಲ, 99 ರೂಪಾಯಿ ಮುಂಗಡಕ್ಕೆ ಕಟ್ಟಿದೆ. ಉಳಿದ 1,201 ಬಾಗಿಲಲ್ಲಿ. ಸೀರೆಯಲ್ಲಿ ದೋಷವಿದ್ದರೆ ಪೂರ್ತಿ ಹಣ ವಾಪಸು, ಸುಮ್ಮನೆ ಬೇಡವೆಂದು ತಿರುಗಿಸಿದರೆ 99 ಹೋಯಿತು ಎಂದು ಮೊದಲೇ ಬರೆದಿದ್ದೆವು. ಮೊದಲ ದಿನ ಬೆಳಿಗ್ಗೆ ಇದೂ ಎಡವಿತು. ಮುಂಗಡಕ್ಕಾಗಿ ಫೋನಿಗೆ ಪಾವತಿ ಲಿಂಕ್ ಕಳಿಸುತ್ತಿದ್ದೆವು. ಜನ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಅಪರಿಚಿತ ಲಿಂಕ್ ಒತ್ತಿದರೆ ಖಾತೆ ಖಾಲಿಯಾಗುತ್ತದೆ ಎಂದು ಬ್ಯಾಂಕಿನವರೂ ಪೊಲೀಸರೂ ಹೇಳಿ ಹೇಳಿ ಕಲಿಸಿರುವಾಗ ಅವರು ಮಾಡಿದ್ದೇ ಸರಿ. ಮಧ್ಯಾಹ್ನದ ಹೊತ್ತಿಗೆ ಲಿಂಕ್ ನಿಲ್ಲಿಸಿ, ಅಂಗಡಿಯ ಹೆಸರೇ ತೆರೆಯುವ ಕ್ಯೂಆರ್ ಚಿತ್ರವನ್ನು ಪುಟದಲ್ಲಿ ಹಾಕಿದೆವು. ಜೊತೆಗೆ ನನ್ನ ಹೆಂಡತಿಯ ಧ್ವನಿಯಲ್ಲಿ ಅರ್ಧ ನಿಮಿಷದ ಸಂದೇಶ ಪ್ರತಿ ಸಿಒಡಿ ಗಿರಾಕಿಗೂ ಹೋಯಿತು: ಯಾವ ಸೀರೆ, ಎಷ್ಟು ಹಣ, ಯಾವ ವಾರ ತಲುಪುತ್ತದೆ, ನಾವು ಒಟಿಪಿ ಕೇಳುವುದಿಲ್ಲ, ಮನೆಯ ಗುರುತಿಗೆ ಗುಡಿಯೋ ಶಾಲೆಯೋ ಯಾವುದಾದರೂ ಇದ್ದರೆ ತಿಳಿಸಿ. ಒಂದೊಂದಕ್ಕೂ ಹೆಸರು ಹಿಡಿದು ಬೇರೆಯಾಗಿಯೇ ಮಾತಾಡಿದಳು. ಮೂರನೆಯ ದಿನ ಗಂಟಲು ಕಟ್ಟಿತ್ತು. ಒಟ್ಟು 268 ಆರ್ಡರಿನಲ್ಲಿ ಸಿಒಡಿ 118, ವಾಪಸು ಬಂದದ್ದು 13. ಈ ಹದಿಮೂರರಲ್ಲೂ ಐದಾರು, ಉತ್ತರವನ್ನೇ ಕೊಡದಿದ್ದರೂ ನಾನು ಆಸೆಗೆ ಬಿದ್ದು ಕಳಿಸಿದಂಥವು. ಗುರುತಿನ ಜಾಗ ಹೇಳಿದವರ ಪೊಟ್ಟಣ ವಾಪಸು ಬಂದದ್ದು ನನಗೆ ನೆನಪಿಲ್ಲ. ಯಾವ ಪಿನ್‌ಕೋಡುಗಳಿಗೆ ಸಿಒಡಿ ಕೊಡಬಾರದು ಎಂಬ ಪಟ್ಟಿಯೊಂದು ನನ್ನ ಬಳಿ ಇದೆ, ಅದನ್ನು ಕೇಳಬೇಡಿ.

ನಡುವೆ ಮಾಡಿದ ಒಂದು ಪ್ರಯೋಗವನ್ನೂ ಹೇಳಬೇಕು. ತಲುಪಿದ ಮೇಲೆ ಮರಳುವ ಸೀರೆಗಳ ದೊಡ್ಡ ದೂರು ಬಣ್ಣದ್ದೇ: ಫೋನಿನಲ್ಲಿ ದಾಳಿಂಬೆ ಕೆಂಪು ಕಂಡದ್ದು ಕೈಗೆ ಬಂದಾಗ ಇಟ್ಟಿಗೆ ಕೆಂಪಾಗಿರುತ್ತದೆ. ದುಬಾರಿ ದೀಪ ತಂದು ಚಿತ್ರ ತೆಗೆಸಿದೆ, ಆರು ಸಾವಿರ ಹೋಯಿತು, ದೂರು ಹಾಗೆಯೇ ಉಳಿಯಿತು. ಕೊನೆಗೆ ಬೆಳಗಿನ ಹನ್ನೊಂದರ ಹೊತ್ತಿಗೆ ಪಡಸಾಲೆಯ ಬೆಳಕಿನಲ್ಲಿ ಸೀರೆ ಹಾಸಿ, ಅದರ ಪಕ್ಕದಲ್ಲೇ ಅರಿಶಿನ ಕುಂಕುಮದ ಬಟ್ಟಲು ಇಟ್ಟು ಸಣ್ಣ ವಿಡಿಯೊ ಮಾಡಿದೆವು. ಅರಿಶಿನ ಕುಂಕುಮದ ಬಣ್ಣ ಎಲ್ಲರ ಕಣ್ಣಿನಲ್ಲೂ ಇರುತ್ತದೆ. ತಮ್ಮ ಫೋನಿನ ಪರದೆ ಎಷ್ಟು ಸುಳ್ಳು ಹೇಳುತ್ತಿದೆ ಎಂದು ಅದರಿಂದ ಅವರೇ ಅಳೆದುಕೊಳ್ಳುತ್ತಾರೆ. ಬಣ್ಣದ ದೂರು ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಆದರೆ ನವಿಲುಬಣ್ಣದ ಸೀರೆಗಳಿಗೆ ಇದು ಸ್ವಲ್ಪವೂ ಸಹಾಯ ಮಾಡಲಿಲ್ಲ. ಎರಡು ಬಣ್ಣದ ನೂಲು ಹೊಕ್ಕು ಹಾಸಿನಲ್ಲಿ ಸೇರಿದ್ದು, ನೋಡುವ ಕೋನ ಬದಲಾದಂತೆ ಬಣ್ಣವೂ ಬದಲಾಗುತ್ತದೆ. ಅವುಗಳನ್ನು ಈಗ ಹಳೆಯ ಗಿರಾಕಿಗಳಿಗೆ ಮಾತ್ರ ಮಾರುತ್ತೇನೆ.

ಈ ವಿಧಾನಕ್ಕೆ ಮಿತಿಯಿದೆ ಎಂಬುದು 2025ರಲ್ಲಿ ಗೊತ್ತಾಯಿತು. ಆ ವರ್ಷ ಆಷಾಢ ಜುಲೈ 24ಕ್ಕೇ ಮುಗಿದು, ವರಮಹಾಲಕ್ಷ್ಮಿ ಆಗಸ್ಟ್ 8ಕ್ಕೆ ಬಂತು. ಆಗಸ್ಟಿನ ಸಂಬಳದ ವಾರ ಹಬ್ಬಕ್ಕೆ ತೀರ ಹತ್ತಿರ, ಜುಲೈನದು ತೀರ ದೂರ. ಜುಲೈ 3ರಿಂದ 5ರವರೆಗೆ ಇಟ್ಟೆವು; 190 ಆರ್ಡರ್ ಬಂದವು, ವಾಪಸು ಕಡಿಮೆಯೇ, ಆದರೆ ಎತ್ತಿಡಿಸಿದವರಲ್ಲಿ ಅರ್ಧದಷ್ಟು ಮಂದಿಯೂ ಕೊಳ್ಳಲಿಲ್ಲ. “ಹಬ್ಬ ಇನ್ನೂ ಒಂದ್ ತಿಂಗಳ ಐತಲ್ರೀ” ಎಂಬುದು ಎಲ್ಲರ ಮಾತು. ಆಗಸ್ಟ್ 1 ಮತ್ತು 2ರಂದು ಪೂರ್ತಿ ಹಣವನ್ನು ಮುಂಗಡವಾಗಿ ಕೊಟ್ಟವರಿಗೆ ಮಾತ್ರ ಎಂದು ಇನ್ನೊಂದು ಸುತ್ತು ಮಾಡಿ, ಬಸ್ ಪಾರ್ಸಲ್‌ನಲ್ಲಿ ಕಳಿಸಿ, ಹೇಗೋ ಲೆಕ್ಕ ಸರಿದೂಗಿಸಿದೆ. ಉಳಿದದ್ದು ಹದಿನಾರು ಸಾವಿರ.

2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಆಷಾಢ ಮುಂದಕ್ಕೆ ಸರಿದು ಆಗಸ್ಟ್ 12ರ ಅಮಾವಾಸ್ಯೆಯವರೆಗೆ ಇರುತ್ತದೆ. ಸಂಬಳದ ವಾರ ಮತ್ತೆ ಆಷಾಢದೊಳಗೇ ಬೀಳುತ್ತದೆ. ಒಂದೊಂದು ಬಣ್ಣಕ್ಕೆ ನಾಲ್ಕಕ್ಕಿಂತ ಹೆಚ್ಚು ಬೇಡವೆಂದು ಹೇಳಿ ನೇಕಾರರಿಗೆ ಸೀರೆಗಳ ಪಟ್ಟಿ ಕೊಟ್ಟಾಗಿದೆ. ಧ್ವನಿ ಸಂದೇಶಗಳನ್ನು ಈ ಸಲ ಇಬ್ಬರು ಹಂಚಿಕೊಳ್ಳಬೇಕೆಂದು ಹೆಂಡತಿ ಷರತ್ತು ಹಾಕಿದ್ದಾಳೆ.